ಅಕ್ಕಿಕಾಳು 12-31ಕ್ಕೆ, ನೀವು 11ಕ್ಕೇ ಬನ್ನಿ

2025ರ ಏಪ್ರಿಲ್ 30ಕ್ಕೆ ಬಾಗಲಕೋಟೆಯಲ್ಲಿ ನನ್ನ ತಂಗಿಯ ಮಗಳ ಮದುವೆ ಇತ್ತು. ಕಾರ್ಡ್ ಅಚ್ಚಾಗಿ ಬಂದ ದಿನವೇ ತಂಗಿ ಒಂದು ಪ್ರತಿ ನನ್ನ ಕೈಗಿಟ್ಟಳು. "ಅಣ್ಣಾ, ನ್ಯೂಜೆರ್ಸಿ ಮಂದಿಗೆ ಇದನ್ನ ಇಂಗ್ಲಿಷ್‌ನ್ಯಾಗ ಮಾಡಿ ಕೊಡು. ಅವರ ಸೊಸಿಗೆ ಕನ್ನಡ ಓದಾಕ ಬರೂದಿಲ್ಲ." ಒಂದೇ ಪುಟ ಅಲ್ವಾ, ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ನಾಲ್ಕು ದಿನ ಹಿಡಿಯಿತು.

ಮೊದಲ ದಿನ ಪದಕ್ಕೆ ಪದ ಇಟ್ಟು ಮುಗಿಸಿ, ನ್ಯೂಜೆರ್ಸಿಯಲ್ಲಿರುವ ಕಾಕಾನ ಮಗನಿಗೆ ವಾಟ್ಸಾಪ್ ಮಾಡಿದೆ. ರಾತ್ರಿಯೇ ಫೋನ್ ಬಂತು. "ಅಣ್ಣಾ, ಮದುವಿಗಿಂತ ಮೊದಲ ರಿಸೆಪ್ಷನ್ ಐತೇನು?" ಪುಣೆಯ ಆರತಕ್ಷತೆಗೆ ನಾನು 4-5-2025 ಅಂತ ಹಾಕಿದ್ದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅವನ ಮನೆಯವರು ಅದನ್ನು ಏಪ್ರಿಲ್ 5 ಅಂತ ಓದಿದ್ದರು. ತಿಂಗಳನ್ನು ಅಕ್ಷರದಲ್ಲೇ ಬರೆದೆ, ಆ ಗೊಂದಲ ಅಲ್ಲಿಗೆ ಮುಗಿಯಿತು.

ಅವನ ಇನ್ನೊಂದು ಪ್ರಶ್ನೆ, ವಾರದ ನಡುವೆ ಬುಧವಾರ ಯಾಕೆ ಅಂತ. ಕನ್ನಡ ಕಾರ್ಡಿನಲ್ಲಿ "ಶಾಲಿವಾಹನ ಶಕೆ 1947, ವಿಶ್ವಾವಸು ನಾಮ ಸಂವತ್ಸರ, ವೈಶಾಖ ಶುದ್ಧ ತೃತೀಯಾ" ಅಂತಿತ್ತು. ನಮ್ಮವರಿಗೆ ಇಷ್ಟು ಸಾಕು. ಅಕ್ಷಯ ತದಿಗೆ, ಬಸವ ಜಯಂತಿ ಎರಡೂ ಅದೇ ದಿನ. ನಾನು ಇಂಗ್ಲಿಷಿನಲ್ಲಿ ಶಕೆ, ಸಂವತ್ಸರ ಎಲ್ಲ ಹಾಗೇ ಇಳಿಸಿದ್ದೆ, ಅವರಿಗೆ ಅದು ಬರೀ ಉದ್ದನೆಯ ಹೆಸರು. ಅದನ್ನು ತೆಗೆದು "ಬಸವಣ್ಣನವರ ಜಯಂತಿಯ ದಿನ ಇಟ್ಟುಕೊಂಡಿದ್ದೇವೆ" ಎಂಬ ಅರ್ಥದ ಒಂದು ಸಾಲು ಸೇರಿಸಿದೆ. ಪಂಚಾಂಗ ಹೋಯಿತು, ಕಾರಣ ಉಳಿಯಿತು.

ಜಾಸ್ತಿ ತಲೆ ಕೆಡಿಸಿದ್ದು "ಅಕ್ಷತಾರೋಪಣ ಮಧ್ಯಾಹ್ನ 12-31ಕ್ಕೆ" ಎಂಬ ಸಾಲು. ಮೊದಲು 'ವೆಡ್ಡಿಂಗ್ ಅಟ್ 12-31' ಅಂತ ಬರೆದಿದ್ದೆ. ಅಲ್ಲಿಯವರಿಗೆ ಕಾರ್ಡಿನ ಹೊತ್ತು ಅಂದರೆ ಕಾರ್ಯಕ್ರಮ ಶುರುವಾಗುವ ಹೊತ್ತು. ನಮ್ಮಲ್ಲಿ ಅದು ಅಕ್ಕಿಕಾಳು ಬೀಳುವ ಹೊತ್ತು. ಅದು ಬಿದ್ದರೆ ಮದುವೆ ಆದಂತೆ, ಮಂದಿ ಊಟದ ಪಂಕ್ತಿಗೆ ಎದ್ದರು ಅಂತಲೇ ಲೆಕ್ಕ. 12-31 ಅಂತ ನಂಬಿ ಐದು ನಿಮಿಷ ತಡವಾಗಿ ಬಂದವನಿಗೆ ಸಿಗುವುದು ಬರೀ ಊಟ.

ಇನ್ನು ಅಕ್ಷತೆ. 'ರೈಸ್ ಥ್ರೋಯಿಂಗ್' ಅಂದರೆ ಅವರ ಕಣ್ಣಿಗೆ ಬರುವ ಚಿತ್ರವೇ ಬೇರೆ. ಅಲ್ಲಿ ಮದುವೆ ಮುಗಿಸಿ ಚರ್ಚಿನಿಂದ ಹೊರಬರುವ ಜೋಡಿಯ ಮೇಲೆ ಸಂಭ್ರಮಕ್ಕೆ ಅಕ್ಕಿ ಎರಚುತ್ತಾರೆ. ಇಲ್ಲಿ ಅರಿಶಿಣ ಹಚ್ಚಿದ, ಮುರಿಯದ ಅಕ್ಕಿಯೇ ಆಶೀರ್ವಾದ. ಅಕ್ಷತ ಅಂದರೇ ಮುರಿಯದ್ದು. ಮಂಗಳಾಷ್ಟಕ ನಡೆಯುವಾಗ ಹಂದರದಲ್ಲಿರುವ ಪ್ರತಿಯೊಬ್ಬರ ಕೈಯಿಂದಲೂ ಅದು ಬೀಳಬೇಕು. ಹಾಗಾಗಿ ಬರೆದದ್ದು ಹೀಗೆ: "ಬೆಳಿಗ್ಗೆ 11ಕ್ಕೆ ಬಂದು ಕುಳಿತುಕೊಳ್ಳಿ. ಸರಿಯಾಗಿ 12-31ಕ್ಕೆ ಅರಿಶಿಣದ ಅಕ್ಕಿಯಿಂದ ನೀವೆಲ್ಲ ಅವರನ್ನು ಹರಸುತ್ತೀರಿ. ಅಕ್ಕಿ ನಿಮ್ಮ ಕೈಗೆ ಕೊಡುತ್ತೇವೆ." ಕನ್ನಡದ ಒಂದು ಪದಕ್ಕೆ ಮೂರು ವಾಕ್ಯ ಬೇಕಾಯಿತು. ಇರಲಿ, ಇಂಗ್ಲಿಷ್ ಕಾರ್ಡಿನಲ್ಲಿ ಜಾಗ ಇತ್ತು.

ಸುರಗಿಯಲ್ಲಿ ನಗೆಪಾಟಲಾದೆ. 'ಬಾಥಿಂಗ್ ಸೆರೆಮನಿ' ಅಂತ ಬರೆದಿದ್ದೆ. ನಾವೂ ಸ್ನಾನದ ಬಟ್ಟೆ ತರಬೇಕಾ ಅಂತ ಆ ಸೊಸೆ ಕೇಳಿದಳಂತೆ! ಸುರಗಿ ಎಂಬ ಹೆಸರನ್ನು ಹಾಗೇ ಬಿಟ್ಟೆ. ಅಲ್ಲಿ ನಡೆಯುವುದನ್ನು ಪಕ್ಕಕ್ಕೆ ಬರೆದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂಡಿಸಿ ನೀರು ಹಾಕುತ್ತೇವೆ, ನೀವು ಸುಮ್ನೆ ನೋಡಿ ಅಂತ.

ಕೊನೆಗೆ ತಂಗಿಯ ಮಾವನವರ ಹೆಸರು. ಕಾರ್ಡಿನಲ್ಲಿ ಹೆಸರಿಗೆ ಮೊದಲು "ಲಿಂ." ಅಂತಿತ್ತು, ಲಿಂಗೈಕ್ಯ. ನಾನು 'ಲೇಟ್' ಅಂತ ಹಾಕಿದ್ದು ಬೀಗರ ಮನೆಯ ಹಿರಿಯರಿಗೆ ಹಿಡಿಸಲಿಲ್ಲ. "ಅವರು ಸತ್ತಾರ ಅಂತ ಬರದಂಗಾತು, ಲಿಂಗದಾಗ ಒಂದಾದರು ಅಂತ ಎಲ್ಲಿ ಬಂತು?" ಅವರು ಹೇಳಿದ್ದು ಸರಿ. ಹಾಗಂತ 'ಲೇಟ್' ತೆಗೆದರೆ ಗೊತ್ತಿಲ್ಲದವರು ಅಜ್ಜ ಎಲ್ಲಿ ಕೂತಿದ್ದಾರೆ ಅಂತ ಹುಡುಕಬಹುದು. ಎರಡನ್ನೂ ಇಟ್ಟೆ. ಹೆಸರಿಗೆ ಮೊದಲು 'ಲೇಟ್', ಹೆಸರಾದ ಮೇಲೆ 'ಒನ್ ವಿತ್ ದ ಲಿಂಗ'. ಒಂದೇ ಮಾತು ಎರಡು ಸಲ ಬಂದಂತಾಯಿತು, ನನಗೆ ಈಗಲೂ ಪೂರ್ತಿ ಸಮಾಧಾನವಿಲ್ಲ.

ಹೆಣ್ಣಿನ ಹೆಸರಿನ "ಚಿ.ಕುಂ.ಸೌ." ಮಾತ್ರ ಇಂಗ್ಲಿಷಿಗೆ ಬರಲೇ ಇಲ್ಲ. 'ಮಿಸ್' ಅಂತ ಹಾಕಿದರೆ ಹಿರಿಯರ ಹಾರೈಕೆ ಹೋಗಿ ಆಫೀಸಿನ ಹೆಸರಾಗುತ್ತದೆ. ಬರೀ ಹೆಸರು ಬರೆದು, ಮೇಲೆ ಕನ್ನಡ ಕಾರ್ಡಿನ ಫೋಟೋ ಅಂಟಿಸಿ ಕಳಿಸಿದೆ.