ತಡವಾಗಿ ಬಂದ ರಿಟ್: ತಡದ ಕಾರಣ ನಾನು ಬರೆದ ರೀತಿ

ಶಿವಮೊಗ್ಗದಲ್ಲಿ ವಕೀಲಿಕೆ ಮಾಡುವ ನನ್ನ ಹತ್ತಿರ ಬರುವ ಕಂದಾಯ ಕೇಸುಗಳಲ್ಲಿ ಜಾಸ್ತಿ ತಲೆನೋವು ಕೊಡುವುದು ಆದೇಶದ ತಪ್ಪಲ್ಲ, ಅದರ ತಾರೀಖು. ಆದೇಶ ಓದಿದ ಕೂಡಲೇ ತಪ್ಪು ಕಾಣುತ್ತದೆ. ಆದರೆ ಆಗಲೇ ನಾಲ್ಕೈದು ವರ್ಷ ಕಳೆದಿರುತ್ತದೆ. ಅಂಥ ಆದೇಶ ರದ್ದು ಮಾಡಿ ಎಂದು ಹೈಕೋರ್ಟಿಗೆ ಹಾಕುವ ಅರ್ಜಿಯೇ ರಿಟ್. ಅದನ್ನು ಹಾಕಲು ಕಾನೂನಿನಲ್ಲಿ ಇಂತಿಷ್ಟೇ ದಿನ ಎಂಬ ಗಡುವಿಲ್ಲ. ಅದನ್ನು ಕೇಳಿ ಜನ ನಿರಾಳವಾಗುತ್ತಾರೆ. ಆದರೆ ರಿಟ್ ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ. ಕಾರಣ ಹೇಳದೆ ತಡ ಮಾಡಿ ಬಂದವರನ್ನು ಕೋರ್ಟು, ಆದೇಶ ಸರಿಯೋ ತಪ್ಪೋ ಎಂದು ನೋಡದೆಯೇ ವಾಪಸ್ ಕಳಿಸಬಹುದು. ಇದನ್ನೇ ಲ್ಯಾಚಸ್ ಅನ್ನುವುದು.

ಮಲೆನಾಡಿನ ಒಂದು ಹಳ್ಳಿಯ ಅಡಿಕೆ ತೋಟದ ಕೇಸು ಹೇಳುತ್ತೇನೆ. ತಂದೆಗೆ ಮಂಜೂರಾಗಿದ್ದ ಜಮೀನು. ಪಕ್ಕದವರು ಪಹಣಿಯ ಬಗ್ಗೆ ತಕರಾರು ತೆಗೆದರು. ಅದು ಮೇಲಿನ ಅಧಿಕಾರಿಯ ಮುಂದೆ ರಿವಿಜನ್‌ಗೆ, ಅಂದರೆ ಮರುಪರಿಶೀಲನೆಗೆ ಹೋಯಿತು. 2017ರ ಜೂನ್‌ನಲ್ಲಿ ತಂದೆಯ ಹೆಸರು ತೆಗೆಯಲು ಆದೇಶವಾಯಿತು. ಮಗ ನನ್ನ ಹತ್ತಿರ ಬಂದದ್ದು 2022ರ ಫೆಬ್ರವರಿಯಲ್ಲಿ. ಕೈಯಲ್ಲಿ ಒಂದು ಹಿಂಬರಹ ಇತ್ತು. 2021ರಲ್ಲಿ ತಾಲ್ಲೂಕು ಕಚೇರಿಗೆ ಮನವಿ ಕೊಟ್ಟಿದ್ದರು. 'ಮೇಲಿನ ಆದೇಶ ಇರುವುದರಿಂದ ನಿಮ್ಮ ಹೆಸರು ಸೇರಿಸಲು ಬರುವುದಿಲ್ಲ' ಎಂದು ಅದೇ ವರ್ಷ ಆಗಸ್ಟ್‌ನಲ್ಲಿ ಉತ್ತರ ಬಂದಿತ್ತು.

"ಸರ್, ಈ ಹಿಂಬರಹ ಬಂದು ಆರು ತಿಂಗಳಷ್ಟೇ ಆಗಿದ್ದು. ಇದರ ಮೇಲೇ ಹಾಕಿದರೆ ತಡ ಅನ್ನಲಿಕ್ಕಿಲ್ಲ ಅಲ್ವಾ?" ಎಂದು ಅವರು ಕೇಳಿದರು.

ಊರಲ್ಲಿ ಯಾರೋ ಕೊಟ್ಟ ಸಲಹೆ ಅದು. ತುಂಬಾ ಜನ ಹಾಗೇ ಮಾಡುತ್ತಾರೆ, ಅಲ್ಲೇ ಸೋಲುತ್ತಾರೆ. ಹಳೇ ಹಕ್ಕಿನ ಬಗ್ಗೆ ಹೊಸದಾಗಿ ಮನವಿ ಕೊಟ್ಟು ಉತ್ತರ ಪಡೆದರೆ, ಸತ್ತ ವಿವಾದಕ್ಕೆ ಜೀವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಿ. ಜೇಕಬ್ ಪ್ರಕರಣದಲ್ಲಿ ಹೇಳಿದೆ. ತಡವನ್ನು ಎಣಿಸುವುದು ಮೂಲ ಆದೇಶದಿಂದ, ಹಿಂಬರಹದಿಂದ ಅಲ್ಲ. ಹಾಗಾಗಿ ನಾನು ನೇರವಾಗಿ 2017ರ ಆದೇಶವನ್ನೇ ಪ್ರಶ್ನೆ ಮಾಡಿದೆ. ತಡ ಆಗಿದೆ ಎಂದು ಅರ್ಜಿಯ ಮೊದಲಲ್ಲೇ ಬರೆದೆ. ಎದುರಿನವರು ಎತ್ತುವ ಮೊದಲು ನಾವೇ ಎತ್ತಿದರೆ ಜಡ್ಜ್ ಓದುವ ರೀತಿಯೇ ಬೇರೆಯಾಗುತ್ತದೆ.

ಆಮೇಲೆ ಆ ನಾಲ್ಕು ಮುಕ್ಕಾಲು ವರ್ಷವನ್ನು ತುಂಡು ಮಾಡಿದೆ. ಒಂದೊಂದು ತುಂಡಿಗೂ ಒಂದೊಂದು ಕಾಗದ ಇರಬೇಕು, ಇಲ್ಲದಿದ್ದರೆ ಆ ತುಂಡು ಖಾಲಿ ಎಂದೇ ಲೆಕ್ಕ. 'ಅನಾರೋಗ್ಯ ಮತ್ತು ಆರ್ಥಿಕ ತೊಂದರೆಯಿಂದ ತಡವಾಯಿತು' ಎಂಬ ಒಂದೇ ಸಾಲು ಎಲ್ಲಾ ಅರ್ಜಿಯಲ್ಲೂ ಇರುತ್ತದೆ. ಅದನ್ನು ಯಾವ ಕೋರ್ಟೂ ಕಾರಣ ಎಂದು ಒಪ್ಪುವುದಿಲ್ಲ.

ಮೊದಲ ತುಂಡು, ಆದೇಶ ಆದ ದಿನದಿಂದ ಗೊತ್ತಾದ ದಿನದವರೆಗೆ. ರಿವಿಜನ್ ಕಡತದಲ್ಲಿ ದಿನದಿನದ ನಡಾವಳಿ ಬರೆಯುವ ಆರ್ಡರ್ ಶೀಟಿನ ನಕಲು ತೆಗೆಸಿದೆ. ತಂದೆಗೆ ನೋಟಿಸ್ ಕಳಿಸಿ ಎಂದು ಬರೆದಿತ್ತು. ಮುಟ್ಟಿದ್ದಕ್ಕೆ ಸಹಿ ಎಲ್ಲೂ ಇರಲಿಲ್ಲ. ಅವರ ಪರ ವಕಾಲತ್ತೂ ಇರಲಿಲ್ಲ. ಆದೇಶವಾದ ಮಳೆಗಾಲದಲ್ಲೇ ಅವರಿಗೆ ಲಕ್ವ ಹೊಡೆದಿತ್ತು, 2019ರಲ್ಲಿ ತೀರಿಕೊಂಡರು. ಡಿಸ್ಚಾರ್ಜ್ ಸಮರಿ, ಮರಣ ಪ್ರಮಾಣಪತ್ರ ಎರಡೂ ಹಾಕಿದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಮ್ಯುಟೇಶನ್ ದಾಖಲೆಯಲ್ಲಿ. ಆದೇಶ 2017ರದಾದರೂ ಪಹಣಿಯ 9ನೇ ಕಾಲಂನಲ್ಲಿ ಹೆಸರು ಬದಲಾಗಿದ್ದು 2019ರ ಡಿಸೆಂಬರ್‌ನಲ್ಲಿ. ಅಲ್ಲಿವರೆಗೆ ಪ್ರತಿ ವರ್ಷ ತಂದೆಯ ಹೆಸರಿನ ಪಹಣಿಯ ಮೇಲೇ ಸೊಸೈಟಿ ಬೆಳೆ ಸಾಲ ಕೊಟ್ಟಿತ್ತು. 2020ರ ಫೆಬ್ರವರಿಯಲ್ಲಿ ಸಾಲ ನವೀಕರಿಸಲು ಹೋದಾಗಲೇ ಮಗನಿಗೆ ವಿಷಯ ಗೊತ್ತಾಗಿದ್ದು. ಸೊಸೈಟಿಯಿಂದ ಒಂದು ಪತ್ರ ಬರೆಸಿಕೊಂಡು ಬನ್ನಿ ಎಂದೆ. ತಂದರು.

ಎರಡನೇ ತುಂಡು ಕೊರೊನಾ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಗಡುವಿನ ಲೆಕ್ಕದಿಂದ ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು. ಅದನ್ನು ಕಳೆದರೆ ನಮ್ಮ ತಡ ಮೂರು ವರ್ಷದ ಒಳಗೇ ಬರುತ್ತಿತ್ತು. ಮೂರು ವರ್ಷದ ಮಾತು ಯಾಕೆಂದರೆ, ರಿಟ್‌ನಲ್ಲಿ ತಡವನ್ನು ಅಳೆಯಲು ಸಿವಿಲ್ ದಾವೆಯ ಗಡುವನ್ನು ಒಂದು ಅಳತೆಯಾಗಿ ಬಳಸಬಹುದು ಎಂದು 1964ರ ಭೈಲಾಲ್ ಭಾಯಿ ತೀರ್ಪು ಹೇಳುತ್ತದೆ. ಸರ್ಕಾರಿ ವಕೀಲರು ಈಗಲೂ ಅದನ್ನೇ ಮೊದಲು ಎತ್ತುತ್ತಾರೆ. ಆದರೆ ಕೊರೊನಾ ಒಂದನ್ನೇ ನಂಬಿ ಕೂರುವುದು ನನಗೆ ಸರಿ ಕಾಣಲಿಲ್ಲ. ಗಡುವೇ ಇಲ್ಲದ ಅರ್ಜಿಗೆ ಗಡುವಿನ ವಿನಾಯಿತಿ ಬರೀ ಆಸರೆ. ಜೊತೆಗೆ ನಮ್ಮ ಮನುಷ್ಯ 2021ರ ಜನವರಿಯಲ್ಲಿ ಮನವಿ ಕೊಡಲು ಓಡಾಡಿದ್ದರು. ತಾಲ್ಲೂಕು ಕಚೇರಿಗೆ ಹೋಗಲು ಆದವರಿಗೆ ವಕೀಲರ ಹತ್ತಿರ ಹೋಗಲು ಯಾಕೆ ಆಗಲಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅದಕ್ಕೆ ಉತ್ತರ ಸಿಕ್ಕಿದ್ದು ಆದೇಶದ ದೃಢೀಕೃತ ನಕಲಿನ ಹಿಂಬದಿಯಲ್ಲಿ. ಅಲ್ಲೊಂದು ಮೊಹರು ಇರುತ್ತದೆ. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೈಗೆ ಕೊಟ್ಟ ದಿನ ಎಂದು ಸಾಲಾಗಿ ತಾರೀಖು. ಅರ್ಜಿ ಕೊಟ್ಟದ್ದು ಜನವರಿ, ನಕಲು ಸಿಕ್ಕಿದ್ದು ಜುಲೈ. ಆ ಅರ್ಧ ವರ್ಷ ಅವರದ್ದಲ್ಲ, ಕಚೇರಿಯದ್ದು. ಜೆರಾಕ್ಸ್ ಮಾಡಿಸುವಾಗ ಜನ ಮುಂದಿನ ಪುಟ ಮಾತ್ರ ಮಾಡಿಸುತ್ತಾರೆ. ಹಿಂಬದಿಯನ್ನೂ ಮಾಡಿಸಿ ಎಂದು ನಾನು ಕೂತು ಹೇಳುತ್ತೇನೆ.

ಉಳಿದದ್ದು ಆಗಸ್ಟ್‌ನಿಂದ ಫೆಬ್ರವರಿ. ಇದಕ್ಕೆ ಕಾಗದ ಇರಲಿಲ್ಲ. "ಕೊರೊನಾ ಅಂತಲೇ ಬರೆದುಬಿಡಿ ಸರ್" ಎಂದರು. ನಾನು ಒಪ್ಪಲಿಲ್ಲ. ನಿಜ ಏನೆಂದರೆ ಕೈಯಲ್ಲಿ ದುಡ್ಡಿರಲಿಲ್ಲ. ಬೆಳೆ ಸಾಲ ನಿಂತುಹೋಗಿತ್ತು. ಕೊಯಿಲು ಮುಗಿದು, ಅಡಿಕೆ ಬೇಯಿಸಿ ಒಣಗಿಸಿ ಮಂಡಿಗೆ ಹಾಕುವವರೆಗೆ ಕಾಯಬೇಕಾಯಿತು. ಹಾಗೇ ಬರೆದೆ, ಮಂಡಿಯ ಪಟ್ಟಿಯನ್ನೂ ಲಗತ್ತಿಸಿದೆ. ಒಂದು ಸುಳ್ಳು ಕಾರಣ ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಇಷ್ಟಾದರೂ ಅರ್ಧ ಕೆಲಸವೇ. ತಡ ಎಷ್ಟು ಎಂಬುದರ ಜೊತೆಗೆ, ಆ ತಡದಲ್ಲಿ ಏನು ಬದಲಾಯಿತು ಎಂದೂ ಕೋರ್ಟು ಕೇಳುತ್ತದೆ. ಆದೇಶ ನಂಬಿ ಯಾರಾದರೂ ಜಮೀನು ಕೊಂಡಿದ್ದರೆ, ಮನೆ ಕಟ್ಟಿದ್ದರೆ, ಅವರ ಕಾಲಡಿಯ ನೆಲ ಎಳೆಯಲು ಕೋರ್ಟಿಗೆ ಮನಸ್ಸಾಗುವುದಿಲ್ಲ. ಅದಕ್ಕೆ 2017ರಿಂದ ಅಂದಿನವರೆಗೆ ಇಸಿ, ಅಂದರೆ ಜಮೀನಿನ ಋಣಭಾರ ಪತ್ರ ತೆಗೆಸಿದೆ. ಯಾವ ಕ್ರಯವೂ ಇಲ್ಲ, ಅಡಮಾನವೂ ಇಲ್ಲ. ತೋಟ ನಮ್ಮವರ ಕೈಯಲ್ಲೇ ಇತ್ತು, ಫೋಟೋ ಹಾಕಿದೆ. ಇದೇ ಥರದ ಇನ್ನೊಂದು ಕಡತದಲ್ಲಿ ಇಸಿ ತುಂಬಾ ಕ್ರಯಪತ್ರಗಳಿದ್ದವು, ಸೈಟುಗಳಾಗಿ ಮನೆಗಳೂ ಎದ್ದಿದ್ದವು. ಅದರಲ್ಲಿ ಕಾರಣ ಎಷ್ಟೇ ಚೆನ್ನಾಗಿದ್ದರೂ ರಿಟ್ ಹಾಕಬೇಡಿ ಎಂದು ಹೇಳಿ ಕಡತ ವಾಪಸ್ ಕೊಟ್ಟೆ.

ಬೆಂಗಳೂರಲ್ಲಿ ವಿಚಾರಣೆಗೆ ಬಂದಾಗ ಎದುರಿನವರು ತಡದ ಮೇಲೇ ನಿಂತರು. ನಾನು 2020ರ ವಿದ್ಯಾದೇವಿ ತೀರ್ಪು ಇಟ್ಟೆ. ಪರಿಹಾರ ಕೊಡದೆ ಸರ್ಕಾರ ಜಮೀನು ತೆಗೆದುಕೊಂಡ ಆ ಪ್ರಕರಣದಲ್ಲಿ, ದಶಕಗಳ ತಡವೂ ನ್ಯಾಯಕ್ಕೆ ಅಡ್ಡ ಬರಲಿಲ್ಲ. ನಮ್ಮದು ಅಂಥ ಕೇಸಲ್ಲ ಎಂದು ಎದುರಿನವರು ಹೇಳಿದ್ದು ಸರಿಯೇ, ಅಲ್ಲಿ ಭೂಮಿ ಕಿತ್ತುಕೊಂಡದ್ದು ಸರ್ಕಾರ. ಜಡ್ಜ್ ತೀರ್ಪುಗಳಿಗಿಂತ ಜಾಸ್ತಿ ಹೊತ್ತು ನೋಡಿದ್ದು ನೋಟಿಸ್ ಮುಟ್ಟದ ಆರ್ಡರ್ ಶೀಟು ಮತ್ತು ನಕಲಿನ ಮೊಹರನ್ನು.

ತಡವನ್ನು ಮನ್ನಿಸಿ, ತಂದೆಯ ಮಾತು ಕೇಳದೆ ಮಾಡಿದ ಆದೇಶವನ್ನು ರದ್ದು ಮಾಡಿ, ರಿವಿಜನ್ ಅನ್ನು ಮತ್ತೆ ವಿಚಾರಣೆಗೆ ಕಳಿಸಿದರು. ಆದರೆ ತಡಕ್ಕೆ ಬೆಲೆ ತೆರಬೇಕಾಯಿತು. ಎದುರಿನವರಿಗೆ ಖರ್ಚು ಕಟ್ಟಿ ಎಂದರು. ಮರುವಿಚಾರಣೆ ಮುಗಿಯುವವರೆಗೆ ಪಹಣಿ ಇದ್ದ ಹಾಗೇ ಇರಲಿ ಎಂದರು. ಅಂದರೆ ಅಲ್ಲಿಯವರೆಗೆ 9ನೇ ಕಾಲಂಗೆ ಅವರ ಹೆಸರು ವಾಪಸ್ ಬರುವುದಿಲ್ಲ, ಸೊಸೈಟಿಯ ಬೆಳೆ ಸಾಲವೂ ಸಿಗುವುದಿಲ್ಲ.