ಜ್ವರ ಬಿಟ್ಟ ದಿನ ಬಂದ ಐದು ಫೋಟೋ

ನಾನು ಮಕ್ಕಳ ವೈದ್ಯೆ. ಬೆಂಗಳೂರಿನ ವಿಜಯನಗರದ ಕಡೆ ಒಂದು ಸಣ್ಣ ಕ್ಲಿನಿಕ್ ಇದೆ. ಮಳೆಗಾಲ ಶುರುವಾದರೆ ನನ್ನ ಫೋನಿಗೆ ಜ್ವರ ಮತ್ತು ಗುಳ್ಳೆಯ ಫೋಟೋಗಳು ಬರುವುದೂ ಶುರುವಾಗುತ್ತದೆ. ಆಗಸ್ಟ್‌ನ ಒಂದು ಗುರುವಾರ, ರಾತ್ರಿ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಶಟರ್ ಎಳೆಯುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು.

"ನಮಸ್ಕಾರ ಮೇಡಂ. ಪಾಪುಗೆ ಭಾನುವಾರದಿಂದ ಜ್ವರ ಇತ್ತು. ಇವತ್ತು ಬೆಳಗ್ಗೆ ಜ್ವರ ಬಿಟ್ಟಿದೆ. ಆದ್ರೆ ಕಾಲಲ್ಲಿ ಕೆಂಪು ಗುಳ್ಳೆ ಎದ್ದು ಈಗ ಹೊಟ್ಟೆಗೆ, ಕೈಗೆ ಹರಡ್ತಾ ಇದೆ. ಫೋಟೋ ಕಳ್ಸಿದೀನಿ. ಅಲರ್ಜಿನಾ ಮೇಡಂ? ನಮ್ಮತ್ತೆ ಅಮ್ಮ ಆಗಿರ್ಬೋದು, ಔಷಧಿ ಕೊಡ್ಬೇಡ ಅಂತಾರೆ. ತುಂಬಾ ಭಯ ಆಗ್ತಿದೆ. ಏನಾದ್ರೂ ಕ್ರೀಮ್ ಹಚ್ಲಾ?"

ಕೆಳಗೆ ಐದು ಫೋಟೋ. ಮಗುವಿಗೆ ಐದು ವರ್ಷ. ಹುಟ್ಟಿದಾಗಿನಿಂದ ಲಸಿಕೆಗೆ ನನ್ನ ಹತ್ತಿರವೇ ಬರುತ್ತಿದ್ದವಳು.

ಈ ಮೆಸೇಜ್ ಓದಿದ ಯಾರಿಗಾದರೂ ಕಣ್ಣು ಗುಳ್ಳೆಯ ಮೇಲೆ ಹೋಗುತ್ತದೆ. ನನಗೆ ಭಯ ತಂದದ್ದು "ಜ್ವರ ಬಿಟ್ಟಿದೆ" ಅನ್ನುವ ಮಾತು. ಭಾನುವಾರದಿಂದ ಲೆಕ್ಕ ಹಾಕಿದರೆ ಗುರುವಾರ ಐದನೇ ದಿನ. ಮಳೆಗಾಲದ ಇಂಥ ಜ್ವರ ಡೆಂಗಿ ಇರಬಹುದು. ಡೆಂಗಿಯಲ್ಲಿ ಅಪಾಯದ ಕಾಲ ಜ್ವರ ಜೋರಾಗಿರುವಾಗ ಅಲ್ಲ, ಅದು ಇಳಿಯುವಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಆಗ ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ಒಂದರಿಂದ ಎರಡು ದಿನ ಈ ಸೋರಿಕೆ ಇರುತ್ತದೆ. ಮೈ ತಣ್ಣಗಾಯಿತು, ವಾಸಿ ಆಯಿತು ಅಂತ ಮನೆಯವರು ಸಮಾಧಾನ ಪಡುವ ಹೊತ್ತೂ ಅದೇ.

ಅತ್ತೆಯವರ ಮಾತನ್ನೂ ನಾನು ಸುಮ್ನೆ ತಳ್ಳಿಹಾಕಲಿಲ್ಲ. ಅಮ್ಮ ಅಂದರೆ ದಡಾರವೂ ಆಗಿರಬಹುದು, ಚಿಕನ್‌ಪಾಕ್ಸೂ ಆಗಿರಬಹುದು. ದಡಾರದಲ್ಲಿ ಗುಳ್ಳೆ ಕಿವಿಯ ಹಿಂದೆ, ಮುಖದಲ್ಲಿ ಶುರುವಾಗಿ ಕೆಳಗೆ ಇಳಿಯುತ್ತದೆ. ಜೊತೆಗೆ ನೆಗಡಿ, ಕೆಮ್ಮು, ಕೆಂಪು ಕಣ್ಣು. ಗುಳ್ಳೆ ಏಳುವಾಗ ಜ್ವರ ಇನ್ನೂ ಏರುತ್ತದೆ. ಇವಳಿಗೆ ಕಾಲಿನಿಂದ ಶುರುವಾಗಿತ್ತು, ಜ್ವರ ಇಳಿದಿತ್ತು. ಚಿಕನ್‌ಪಾಕ್ಸ್‌ನ ನೀರುಗುಳ್ಳೆಯೂ ಎಲ್ಲೂ ಕಾಣಲಿಲ್ಲ.

ಫೋಟೋಗಳ ವಿಷಯ ಹೇಳಬೇಕು. ಮೊದಲನೆಯದು ಹಳದಿ ಬಲ್ಬಿನ ಕೆಳಗೆ ತೆಗೆದದ್ದು, ಮೈಯೆಲ್ಲ ಅರಿಶಿನ ಹಚ್ಚಿದ ಹಾಗಿತ್ತು. ಎರಡನೆಯದರಲ್ಲಿ ಫ್ಲ್ಯಾಶ್ ಹೊಡೆದು ಹೊಟ್ಟೆ ಬೆಳ್ಳಗಾಗಿತ್ತು. ಮೂರನೆಯದು ಮುಖ. ಫೋನಿನ ಬ್ಯೂಟಿ ಮೋಡ್ ಚರ್ಮವನ್ನು ನುಣ್ಣಗೆ ಮಾಡಿಬಿಟ್ಟಿತ್ತು, ಒಂದು ಚುಕ್ಕೆಯೂ ಉಳಿದಿರಲಿಲ್ಲ. ನಾಲ್ಕನೆಯದು ಮಸುಕು. ಐದನೆಯದನ್ನು ಮಾತ್ರ ನಾನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕಾಲುಚೀಲ ಆಗ ತಾನೇ ಬಿಚ್ಚಿದ ಕಾಲು. ಎಲಾಸ್ಟಿಕ್ ಒತ್ತಿದ ಗೆರೆ ಕಾಣುತ್ತಿತ್ತು. ಆ ಗೆರೆಯ ಉದ್ದಕ್ಕೂ ಸೂಜಿ ಮೊನೆಯಷ್ಟು ಚಿಕ್ಕ ಚುಕ್ಕೆಗಳು ಒತ್ತೊತ್ತಾಗಿ ಇದ್ದವು. ಬೇರೆ ಕಡೆಯ ಕೆಂಪು ಅಗಲವಾಗಿ ಹರಡಿದ್ದರೆ, ಇವು ಬಿಡಿ ಬಿಡಿ ಚುಕ್ಕೆಗಳು.

ಆದರೂ ಗುಳ್ಳೆಯ ಮಾತು ಎತ್ತುವ ಮೊದಲು ನಾನು ಎರಡು ಪ್ರಶ್ನೆ ಕಳಿಸಿದೆ. ಮಗು ಎಚ್ಚರವಾಗಿ ನಿಮ್ಮ ಜೊತೆ ಮಾತಾಡುತ್ತಿದ್ದಾಳಾ? ಕೊನೆಯ ಸಲ ಸುಸ್ಸು ಮಾಡಿದ್ದು ಎಷ್ಟು ಗಂಟೆಗೆ?

ಉತ್ತರ ಬಂತು. "ಮಾತಾಡ್ತಾಳೆ ಮೇಡಂ, ಆದ್ರೆ ಮಲ್ಕೊಂಡೇ ಇರ್ತಾಳೆ. ಸುಸ್ಸು ಮಧ್ಯಾಹ್ನ ಊಟಕ್ಕೆ ಮುಂಚೆ ಮಾಡಿದ್ಳು. ಸಂಜೆಯಿಂದ ಎರಡು ಸಲ ವಾಂತಿ. ಹೊಟ್ಟೆ ನೋವು ಅಂತಾಳೆ."

ಹೆಚ್ಚು ಕಡಿಮೆ ಒಂಬತ್ತು ಗಂಟೆ ಸುಸ್ಸು ಆಗಿಲ್ಲ. ಆರು ಗಂಟೆ ದಾಟಿದರೆ ನಾನು ಕಾಯುವುದಿಲ್ಲ. ತಕ್ಷಣ ಫೋನ್ ಮಾಡಿದೆ. ಸ್ಪೀಕರ್‌ಗೆ ಹಾಕಿಸಿ, ಒಂದು ಕೈ ಮಗುವಿನ ಹೊಟ್ಟೆಯ ಮೇಲೆ, ಇನ್ನೊಂದು ಪಾದದ ಮೇಲೆ ಇಡಿ ಅಂದೆ. "ಹೊಟ್ಟೆ ಬೆಚ್ಚಗಿದೆ, ಪಾದ ತಣ್ಣಗಿದೆ ಮೇಡಂ," ಅಂದರು. ಮೈಯಲ್ಲಿ ಓಡಾಡುವ ರಕ್ತದ ನೀರಿನಂಶ ಕಡಿಮೆಯಾದಾಗ ದೇಹ ಮೊದಲು ಕೈಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಇದನ್ನು ಯಾವ ಫೋಟೋನೂ ತೋರಿಸುವುದಿಲ್ಲ. ತಾಯಿಯ ಕೈಯೇ ಹೇಳಬೇಕು. ಈಗಲೇ ಹೊರಡಿ, ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಹೋಗಿ, ಬೆಳಗ್ಗೆವರೆಗೆ ಕಾಯಬೇಡಿ ಅಂದೆ.

ಅವರ ಗಂಡ ಆಟೋ ತರಲು ಹೋದರು. ಆ ಐದು ನಿಮಿಷದಲ್ಲಿ ಗಾಜಿನ ಪರೀಕ್ಷೆ ಮಾಡಿಸಿದೆ. ನಮ್ಮ ಮನೆಗಳಲ್ಲಿ ಇರುವುದು ಸ್ಟೀಲ್ ಲೋಟ, ಅಲ್ವಾ? ಅವರಿಗೆ ಸಿಕ್ಕಿದ್ದು ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ. ಅದರ ಪಕ್ಕವನ್ನು ಚರ್ಮಕ್ಕೆ ಗಟ್ಟಿಯಾಗಿ ಒತ್ತಿ, ಗಾಜಿನ ಮೂಲಕವೇ ವಿಡಿಯೋ ಮಾಡಿ ಅಂದೆ. ಹೊಟ್ಟೆಯ ಕೆಂಪು ಒತ್ತಿದಾಗ ಮಾಯವಾಯಿತು, ಬಿಟ್ಟಾಗ ಮತ್ತೆ ಬಂತು. ಕಾಲುಚೀಲದ ಗೆರೆಯ ಚುಕ್ಕೆಗಳು ಎಷ್ಟು ಒತ್ತಿದರೂ ಹಾಗೇ ಇದ್ದವು. ಒತ್ತಿದರೆ ಮಾಯವಾಗುವ ಕೆಂಪು ಅಂದರೆ ರಕ್ತ ಇನ್ನೂ ನಾಳದೊಳಗೇ ಇದೆ. ಮಾಯವಾಗದ ಚುಕ್ಕೆ ಅಂದರೆ ನಾಳದಿಂದ ಹೊರಗೆ ಬಂದು ಚರ್ಮದಲ್ಲಿ ನಿಂತಿದೆ. ಎಲಾಸ್ಟಿಕ್ ಒತ್ತಿದ ಕಡೆ ಅವು ಮೊದಲು ಕಾಣಿಸಿಕೊಳ್ಳುವುದುಂಟು.

ಜ್ವರದ ಮಗುವಿನ ಮೈಮೇಲೆ ಇಂಥ ಮಾಯವಾಗದ ಚುಕ್ಕೆ ಕಂಡರೆ ಕಾರಣ ಏನೇ ಇರಲಿ, ಆ ಹೊತ್ತಲ್ಲೇ ಆಸ್ಪತ್ರೆಗೆ ಹೋಗಬೇಕು. ಮೆದುಳುಪೊರೆಯ ಸೋಂಕಿನಲ್ಲೂ ಹೀಗೆ ಬರುತ್ತದೆ, ಅದು ಕೆಲವೇ ಗಂಟೆಗಳಲ್ಲಿ ಕೈ ಮೀರಬಹುದು. ಆದರೆ ಇದರ ಉಲ್ಟಾ ನಿಜ ಅಲ್ಲ. ಚುಕ್ಕೆ ಮಾಯವಾಯಿತು ಅಂತ ನೆಮ್ಮದಿಯಿಂದ ಮಲಗುವ ಹಾಗಿಲ್ಲ. ಒಂದೂ ಚುಕ್ಕೆ ಇಲ್ಲದೆ ಡೆಂಗಿಯ ಸೋರಿಕೆ ಜೋರಾದ ಮಕ್ಕಳನ್ನು ನಾನು ನೋಡಿದ್ದೇನೆ. ಅದಕ್ಕೇ ಸುಸ್ಸು, ವಾಂತಿ, ಹೊಟ್ಟೆ ನೋವು, ತಣ್ಣನೆಯ ಪಾದ ಇವೇ ನನಗೆ ಮುಖ್ಯ.

ಅವರು ಹೊರಡುವ ಮೊದಲು, ಮಗುವಿಗೆ ಜ್ವರಕ್ಕೆ ಕೊಟ್ಟಿದ್ದ ಔಷಧಿಯ ಬಾಟಲಿಯ ಫೋಟೋ ಕೇಳಿದೆ. "ಜ್ವರದ ಸಿರಪ್" ಅಂತ ಅವರು ಹೇಳಿದ್ದರಲ್ಲಿ ಪ್ಯಾರಾಸಿಟಮಾಲ್ ಜೊತೆ ಮೆಫೆನಾಮಿಕ್ ಆಸಿಡ್ ಇತ್ತು. ಹಿಂದಿನ ವರ್ಷದ ಜ್ವರಕ್ಕೆ ಯಾರೋ ಬರೆದುಕೊಟ್ಟಿದ್ದು. ಜ್ವರ ಬೇಗ ಇಳಿಯುತ್ತದೆ ಅಂತ ಮನೆಗಳಲ್ಲಿ ಇಟ್ಟುಕೊಂಡಿರುತ್ತಾರೆ. ಡೆಂಗಿ ಇರಬಹುದು ಅನ್ನುವ ಜ್ವರಕ್ಕೆ ಇದೂ ಬೇಡ, ಐಬುಪ್ರೊಫೆನ್, ಆಸ್ಪಿರಿನ್ ಕೂಡ ಬೇಡ. ಇವು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ, ರಕ್ತ ಹೆಪ್ಪುಗಟ್ಟುವುದಕ್ಕೂ ಅಡ್ಡಿ ಮಾಡುತ್ತವೆ. ಡೆಂಗಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತಿರುವಾಗ ಇದು ಅಪಾಯ. ಬರೀ ಪ್ಯಾರಾಸಿಟಮಾಲ್ ಸಾಕು. ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ, ಎರಡು ಸಲದ ನಡುವೆ ಆರು ಗಂಟೆ. ಈ ಮಗು 16 ಕಿಲೋ, ಅಂದರೆ ಒಂದು ಸಲಕ್ಕೆ 240 ಮಿಲಿಗ್ರಾಂ. ಐದು ಎಂಎಲ್‌ಗೆ 250 ಇರುವ ಬಾಟಲಿಯಾದರೆ ಐದು ಎಂಎಲ್‌ಗಿಂತ ಸ್ವಲ್ಪ ಕಡಿಮೆ. ಐದು ಎಂಎಲ್‌ಗೆ 120 ಇರುವುದಾದರೆ ಹತ್ತು ಎಂಎಲ್. ಎರಡೂ ಬಾಟಲಿ ಅಂಗಡಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಅದಕ್ಕೇ ನಾನು ಬಾಟಲಿಯ ಲೇಬಲ್ ನೋಡದೆ ಎಷ್ಟು ಎಂಎಲ್ ಅಂತ ಹೇಳುವುದಿಲ್ಲ.

ಆಸ್ಪತ್ರೆಯ ಡಾಕ್ಟರಿಗೆ ತೋರಿಸಲು ಒಂದು ಮೆಸೇಜ್ ಬರೆದುಕೊಟ್ಟೆ. ಜ್ವರದ ಐದನೇ ದಿನ, ಇವತ್ತು ಜ್ವರ ಇಳಿದಿದೆ, ಒಂಬತ್ತು ಗಂಟೆ ಕಾಲದಿಂದ ಸುಸ್ಸು ಇಲ್ಲ, ಎರಡು ವಾಂತಿ, ಪಾದ ತಣ್ಣಗೆ, ಮೆಫೆನಾಮಿಕ್ ಕೊಟ್ಟಿದ್ದಾರೆ. ಮಂಗಳವಾರ ಮನೆ ಹತ್ತಿರದ ಲ್ಯಾಬ್‌ನಲ್ಲಿ ಮಾಡಿಸಿದ್ದ ಸಿಬಿಸಿ ಅನ್ನುವ ರಕ್ತಪರೀಕ್ಷೆಯ ರಿಪೋರ್ಟನ್ನೂ ತಪ್ಪದೆ ತೆಗೆದುಕೊಂಡು ಹೋಗಿ ಅಂದೆ. ಎಲ್ಲ ನಾರ್ಮಲ್ ಅಂತ ಅದನ್ನು ಫ್ರಿಜ್ ಮೇಲೆ ಇಟ್ಟು ಮರೆತಿದ್ದರು.

ಆ ರಿಪೋರ್ಟ್ ಕೆಲಸಕ್ಕೆ ಬಂತು. ಮಂಗಳವಾರ ಪಿಸಿವಿ 36 ಇತ್ತು. ಗುರುವಾರ ರಾತ್ರಿ 44. ಪಿಸಿವಿ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ನೀರು ಸೋರಿದರೆ ರಕ್ತ ಗಟ್ಟಿಯಾಗಿ ಈ ಸಂಖ್ಯೆ ಏರುತ್ತದೆ. ಮೊದಲಿದ್ದುದಕ್ಕಿಂತ ಶೇಕಡಾ 20ರಷ್ಟು ಏರಿದರೆ ಸೋರಿಕೆ ಜೋರಾಗಿದೆ ಅಂತ ಅರ್ಥ. ಇಲ್ಲಿ 22ರಷ್ಟು ಏರಿತ್ತು. ಹಳೆಯ 36 ಗೊತ್ತಿಲ್ಲದಿದ್ದರೆ 44 ನೋಡಿದವರಿಗೆ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಪ್ಲೇಟ್‌ಲೆಟ್ 1,60,000 ಇದ್ದದ್ದು 52,000ಕ್ಕೆ ಇಳಿದಿತ್ತು. ಮನೆಯವರೆಲ್ಲ ಅದನ್ನೇ ಹಿಡಿದುಕೊಂಡು ಕೂತರು. ಪಪ್ಪಾಯ ಎಲೆ ರಸ ಕೊಡೋಣವಾ ಅಂತ ಮಾವನವರು ನನಗೇ ಫೋನ್ ಮಾಡಿದರು. ಬೇಡ ಅಂದೆ. ಕಹಿಗೆ ವಾಂತಿ ಜಾಸ್ತಿಯಾದರೆ ಇರುವ ನೀರೂ ಹೋಗುತ್ತದೆ. ಚರ್ಮದ ಚುಕ್ಕೆ ಬಿಟ್ಟರೆ ಬೇರೆ ರಕ್ತಸ್ರಾವ ಇರಲಿಲ್ಲ, ಹಾಗಾಗಿ ಪ್ಲೇಟ್‌ಲೆಟ್ ಹಾಕುವ ಅಗತ್ಯವೂ ಬರಲಿಲ್ಲ. ಅವಳಿಗೆ ಬೇಕಾಗಿದ್ದು ಡ್ರಿಪ್. ಅದೂ ಅಳತೆಯಲ್ಲಿ, ನಾಡಿ, ಬಿಪಿ, ಸುಸ್ಸು, ಪಿಸಿವಿ ಮತ್ತೆ ಮತ್ತೆ ನೋಡಿಕೊಂಡು. ಜಾಸ್ತಿ ಕೊಟ್ಟರೆ ಅದೇ ನೀರು ಶ್ವಾಸಕೋಶದ ಸುತ್ತ ತುಂಬುತ್ತದೆ. ಡೆಂಗಿಯ ರಕ್ತಪರೀಕ್ಷೆ ಐಜಿಎಂ ಪಾಸಿಟಿವ್ ಬಂತು. ಎರಡು ರಾತ್ರಿ ಇಟ್ಟುಕೊಂಡು ಮೂರನೇ ದಿನ ಮನೆಗೆ ಕಳಿಸಿದರು.

ಎರಡು ದಿನ ಬಿಟ್ಟು, ಸೋಮವಾರ ಬೆಳಗ್ಗೆ, ಅದೇ ತಾಯಿಯಿಂದ ಇನ್ನೊಂದು ಮೆಸೇಜ್.

"ಮೇಡಂ, ಇವತ್ತು ಒಂಬತ್ತನೇ ದಿನ. ನಿನ್ನೆ ರಾತ್ರಿಯಿಂದ ಎರಡೂ ಕಾಲು ಕೆಂಪಾಗಿದೆ, ಮಧ್ಯೆ ಮಧ್ಯೆ ಬಿಳಿ ಬಿಳಿ ದುಂಡಗೆ ಚರ್ಮ ಉಳ್ದಿದೆ. ಅಂಗೈ ಅಂಗಾಲು ತುರಿಕೆ. ಜ್ವರ ಇಲ್ಲ. ಬೆಳಗ್ಗೆಯಿಂದ ಮೂರು ಸಲ ಸುಸ್ಸು ಆಯ್ತು. ಎರಡು ಇಡ್ಲಿ ತಿಂದ್ಳು. ಪಾದ ಬೆಚ್ಚಗಿದೆ. ಬಾಟ್ಲಿ ಒತ್ತಿ ನೋಡ್ದೆ, ಕೆಂಪು ಹೋಗುತ್ತೆ. ಔಷಧಿ ಏನೂ ಕೊಟ್ಟಿಲ್ಲ."

ಫೋಟೋ ಮೂರೇ. ಕಿಟಕಿ ಹತ್ತಿರ, ಬೆಳಗಿನ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದಿದ್ದರು. ಒಂದು ಇಡೀ ಕಾಲಿನದು, ಒಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಮೂರನೆಯದರಲ್ಲಿ ಗಾಜಿನ ಬಾಟಲಿ. ಮುಖ ಯಾವುದರಲ್ಲೂ ಇಲ್ಲ. ಮೆಸೇಜ್‌ನಲ್ಲಿ ಸೈಜ್ ಕುಗ್ಗಿ ಮಸುಕಾಗದಿರಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದ್ದರು.

ಇದು ಡೆಂಗಿ ವಾಸಿಯಾಗುವಾಗ ಬರುವ ಗುಳ್ಳೆ. ಮೊದಲಿನದಕ್ಕಿಂತ ಜಾಸ್ತಿ ಕೆಂಪು, ಜಾಸ್ತಿ ಅಗಲ, ನೋಡಿದರೆ ಎದೆ ಝಲ್ ಅನ್ನುವಂಥದ್ದು. ಆದರೆ ಇದು ತಾನಾಗಿ ಹೋಗುತ್ತದೆ. ಈ ಸಲ ನನಗೆ ಒಂದೂ ಪ್ರಶ್ನೆ ಕೇಳಬೇಕಾಗಲಿಲ್ಲ. ತುರಿಕೆಗೆ ಕ್ಯಾಲಮೈನ್ ಹಚ್ಚಿ, ಉಗುರು ಕತ್ತರಿಸಿ, ಬುಧವಾರ ಒಮ್ಮೆ ಕರೆದುಕೊಂಡು ಬನ್ನಿ ಅಂತ ಬರೆದೆ. ಉತ್ತರವಾಗಿ ಇನ್ನೊಂದು ಫೋಟೋ ಬಂತು. ಮಗು ತನ್ನ ಗೊಂಬೆಯ ಕಾಲಿಗೆ ಉಪ್ಪಿನಕಾಯಿ ಬಾಟಲಿ ಒತ್ತಿ ನೋಡುತ್ತಿದ್ದಳು.