ಓಡಿ ಖಾತೆಯ ಬಡ್ಡಿ: ನೀವೇ ಲೆಕ್ಕ ಹಾಕಿ ನೋಡಿ

ಹಾಸನದಲ್ಲಿ ಆಲೂಗಡ್ಡೆ, ಜೋಳದ ಬಿತ್ತನೆ ಶುರುವಾದರೆ ಗೊಬ್ಬರದ ಅಂಗಡಿಯವರ ಓಡಿ ಖಾತೆಗೆ ಬಿಡುವಿಲ್ಲ. ಓಡಿ ಅಂದರೆ ಓವರ್‌ಡ್ರಾಫ್ಟ್, ಬ್ಯಾಂಕ್ ಕೊಟ್ಟ ಲಿಮಿಟ್ ತನಕ ಬೇಕಾದಾಗ ಸಾಲ ತೆಗೆದು, ದುಡ್ಡು ಬಂದಾಗ ಕಟ್ಟುವ ಖಾತೆ. ಕಂಪನಿಗೆ ಮೊದಲೇ ದುಡ್ಡು ಕಟ್ಟಬೇಕು, ರೈತರಿಂದ ಬಾಕಿ ಬರೋದು ಆಮೇಲೆ. ತಿಂಗಳ ಕೊನೆಗೆ ಬ್ಯಾಂಕ್ ಒಂದು ಬಡ್ಡಿ ಹಾಕುತ್ತದೆ. ಅದು ಎಲ್ಲಿಂದ ಬಂತು ಅಂತ ಸ್ಟೇಟ್‌ಮೆಂಟ್ ಇಟ್ಟುಕೊಂಡು ನಾವೇ ನೋಡಬಹುದು.

ಬಡ್ಡಿ ಬೀಳುವುದು ಲಿಮಿಟ್ ಮೇಲಲ್ಲ, ಬಳಸಿದ ಹಣದ ಮೇಲೆ. ಅದೂ ಪ್ರತಿ ದಿನದ ಕೊನೆಗೆ ಎಷ್ಟು ಬಾಕಿ ಇತ್ತೋ ಅಷ್ಟಕ್ಕೆ. ಬೆಳಿಗ್ಗೆ ಎರಡು ಲಕ್ಷ ತೆಗೆದು ಅದೇ ದಿನ ವಾಪಸ್ ಕಟ್ಟಿದರೆ ಆ ಎರಡು ಲಕ್ಷಕ್ಕೆ ಬಡ್ಡಿ ಇಲ್ಲ. ಭಾನುವಾರ, ಹಬ್ಬದ ರಜೆಗೆ ಮಾತ್ರ ವಿನಾಯಿತಿ ಸಿಗಲ್ಲ. ಬ್ಯಾಂಕ್ ಬಾಗಿಲು ಹಾಕಿದ್ದರೂ ಬಡ್ಡಿ ಓಡುತ್ತಿರುತ್ತದೆ.

ಒಂದು ಅಂಗಡಿಯ ಜೂನ್ ತಿಂಗಳನ್ನೇ ತೆಗೆದುಕೊಳ್ಳೋಣ. ಲಿಮಿಟ್ 5 ಲಕ್ಷ, ಬಡ್ಡಿ ವರ್ಷಕ್ಕೆ ಶೇ 10.95. ಈ ದರವನ್ನು ಬೇಕೆಂದೇ ಆರಿಸಿದ್ದೇನೆ. ಒಂದು ಲಕ್ಷಕ್ಕೆ ದಿನಕ್ಕೆ ಸರಿಯಾಗಿ 30 ರೂಪಾಯಿ ಬರುತ್ತದೆ, ಲೆಕ್ಕ ಸುಲಭ.

ಮೊದಲು ಸ್ಟೇಟ್‌ಮೆಂಟ್ ನೋಡಿ, ಬಾಕಿ ಬದಲಾದ ದಿನಗಳಿಗೆ ಗುರುತು ಹಾಕಿ. 1ನೇ ತಾರೀಖು 1 ಲಕ್ಷ ಬಾಕಿ ಇತ್ತು. 5ಕ್ಕೆ ಕಂಪನಿಗೆ 3 ಲಕ್ಷ ಕಳಿಸಿದರು, ಬಾಕಿ 4 ಲಕ್ಷ ಆಯಿತು. 15ಕ್ಕೆ ಒಂದೂವರೆ ಲಕ್ಷ ಜಮಾ ಆಗಿ ಎರಡೂವರೆ ಲಕ್ಷಕ್ಕೆ ಇಳಿಯಿತು. 22ಕ್ಕೆ ಇನ್ನೂ 2 ಲಕ್ಷ ಬಂದು 50 ಸಾವಿರ ಉಳಿಯಿತು.

ಈಗ ಪ್ರತಿ ಬಾಕಿ ಎಷ್ಟು ದಿನ ನಿಂತಿತು ಎಂದು ಎಣಿಸಿ. ಬದಲಾದ ದಿನ ಹೊಸ ಬಾಕಿಯ ಕಡೆಗೇ ಸೇರುತ್ತದೆ, ಏಕೆಂದರೆ ಆ ದಿನದ ಕೊನೆಗೆ ಇದ್ದದ್ದು ಅದೇ. ಹಾಗಾಗಿ 1 ಲಕ್ಷ 4 ದಿನ, 4 ಲಕ್ಷ 10 ದಿನ, ಎರಡೂವರೆ ಲಕ್ಷ 7 ದಿನ, 50 ಸಾವಿರ 9 ದಿನ. ಕೂಡಿದರೆ 30 ಬರಬೇಕು. ಬರದಿದ್ದರೆ ಎಲ್ಲೋ ಒಂದು ದಿನ ತಪ್ಪಿದೆ.

ಬಾಕಿಯನ್ನು ದಿನದಿಂದ ಗುಣಿಸಿ: 4 ಲಕ್ಷ, 40 ಲಕ್ಷ, 17.5 ಲಕ್ಷ, 4.5 ಲಕ್ಷ. ಒಟ್ಟು 66 ಲಕ್ಷ. ಅಂದರೆ ಇಡೀ ತಿಂಗಳ ಓಡಾಟವೆಲ್ಲ ಸೇರಿ 66 ಲಕ್ಷವನ್ನು ಒಂದೇ ದಿನ ಬಳಸಿದ್ದಕ್ಕೆ ಸಮ. ಇನ್ನು ದರದಿಂದ ಗುಣಿಸಿ, ಶೇಕಡಾ ಲೆಕ್ಕದ 100 ಮತ್ತು ವರ್ಷದ 365 ದಿನ ಸೇರಿದ 36,500ರಿಂದ ಭಾಗಿಸಿದರೆ ಆಯಿತು:

```
66,00,000 × 10.95 ÷ 36,500 = 1,980
```

ಬಡ್ಡಿ 1,980 ರೂಪಾಯಿ. ನಾಲ್ಕು ಬಾಕಿಗಳನ್ನು ಕೂಡಿ ನಾಲ್ಕರಿಂದ ಭಾಗಿಸುವವರೂ ಇದ್ದಾರೆ. ಆಗ ಸರಾಸರಿ 2 ಲಕ್ಷ, ಬಡ್ಡಿ 1,800 ಬರುತ್ತದೆ. ಅದು ತಪ್ಪು, ಏಕೆಂದರೆ 4 ಲಕ್ಷ ನಿಂತಿದ್ದು ಹತ್ತು ದಿನ, 1 ಲಕ್ಷ ನಿಂತಿದ್ದು ನಾಲ್ಕೇ ದಿನ. ಹಾಗೆ ಲೆಕ್ಕ ಹಾಕಿಕೊಂಡು ಹೋಗಿ ಬ್ಯಾಂಕಿನವರ ಹತ್ತಿರ 180 ರೂಪಾಯಿಗೆ ಜಗಳ ಆಡಿದರೆ ಮುಜುಗರ ನಮಗೇ ಅಲ್ವಾ?

ನಿಜವಾಗಿ ವ್ಯತ್ಯಾಸ ಬರೋದು ಹೆಚ್ಚಾಗಿ ಚೆಕ್ಕಿನಿಂದ. ಆ ಒಂದೂವರೆ ಲಕ್ಷವನ್ನು 15ಕ್ಕೆ ಚೆಕ್ಕಾಗಿ ಕೊಟ್ಟು, ಹಣ ನಿಜವಾಗಿ ಕೈಸೇರಿದ್ದು 17ಕ್ಕೆ ಎಂದಿಟ್ಟುಕೊಳ್ಳಿ. ಎರಡು ದಿನ ಒಂದೂವರೆ ಲಕ್ಷಕ್ಕೆ ಜಾಸ್ತಿ ಬಡ್ಡಿ, ಅಂದರೆ 90 ರೂಪಾಯಿ. ಚೀಟಿ ತುಂಬಿ ಕೊಟ್ಟ ದಿನ ಲೆಕ್ಕಕ್ಕೆ ಬರಲ್ಲ. ಸ್ಟೇಟ್‌ಮೆಂಟಿನಲ್ಲಿ ವ್ಯಾಲ್ಯೂ ಡೇಟ್, ಅಂದರೆ ಬಡ್ಡಿ ಲೆಕ್ಕಕ್ಕೆ ಹಿಡಿಯುವ ತಾರೀಖಿನ ಕಾಲಂ ಇದ್ದರೆ ಅದನ್ನೇ ನಂಬಿ.

ಇನ್ನೊಂದು, ಕಟ್ಟಿದ ಹಣ ಬಾಕಿಗಿಂತ ಜಾಸ್ತಿಯಾಗಿ ಖಾತೆ ಪ್ಲಸ್‌ಗೆ ಹೋದ ದಿನಗಳನ್ನು ಸೊನ್ನೆ ಎಂದು ಬರೆಯಿರಿ, ಮೈನಸ್ ಎಂದು ಬರೆದು ಉಳಿದ ದಿನಗಳಿಂದ ಕಳೆಯಬೇಡಿ. ತಿಂಗಳ ಮಧ್ಯೆ ದರ ಬದಲಾಗಿದ್ದರೆ ಆ ತಾರೀಖಿಗೆ ತಿಂಗಳನ್ನು ಎರಡು ತುಂಡು ಮಾಡಿ, ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕಿ.

ಬಡ್ಡಿ ಖಾತೆಗೆ ಬಿದ್ದ ಮೇಲೆ ಅದೂ ಬಾಕಿಯೇ. 50,000 ಈಗ 51,980. ಜುಲೈ ಲೆಕ್ಕ ಅಲ್ಲಿಂದಲೇ ಶುರು, ಬಡ್ಡಿಯ ಮೇಲೂ ಬಡ್ಡಿ. ಲಿಮಿಟ್ ಪೂರ್ತಿ ಬಳಸಿಕೊಂಡವರು ಇಲ್ಲೇ ಸಿಕ್ಕಿಬೀಳೋದು. 5 ಲಕ್ಷವೂ ಖಾಲಿಯಾಗಿದ್ದರೆ, ತಿಂಗಳ ಕೊನೆಯ ಬಡ್ಡಿಯೇ ಖಾತೆಯನ್ನು ಲಿಮಿಟ್ ದಾಟಿಸಿಬಿಡುತ್ತದೆ. ಅಂಥವರು 30ರ ಒಳಗೆ ಬಡ್ಡಿಯಷ್ಟಾದರೂ ಜಾಗ ಖಾಲಿ ಇಟ್ಟಿರಬೇಕು. 90 ದಿನ ಸತತವಾಗಿ ಲಿಮಿಟ್ ಮೇಲೇ ನಿಂತರೆ, ಅಥವಾ ಆ ಅವಧಿಯ ಬಡ್ಡಿಯಷ್ಟೂ ಜಮಾ ಆಗದಿದ್ದರೆ, ರಿಸರ್ವ್ ಬ್ಯಾಂಕ್ ನಿಯಮದಂತೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ.

ನಿಮ್ಮ ಲೆಕ್ಕಕ್ಕೂ ಬ್ಯಾಂಕಿನದ್ದಕ್ಕೂ ಒಂದೆರಡು ರೂಪಾಯಿ ವ್ಯತ್ಯಾಸ ಬಂದರೆ ಬಿಟ್ಟುಬಿಡಿ. ಜಾಸ್ತಿ ಬಂದರೆ ಮೊದಲು ಬೇರೆ ಸಾಲುಗಳನ್ನು ನೋಡಿ. ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಹಾಗಾಗಿ ಜಿಎಸ್‌ಟಿ ಕಂಡರೆ ಅದು ಯಾವುದೋ ಶುಲ್ಕದ ಮೇಲಿನದ್ದು. ಅವನ್ನೆಲ್ಲ ತೆಗೆದಿಟ್ಟು ಬಡ್ಡಿಯ ಸಾಲನ್ನಷ್ಟೇ ಹೋಲಿಸಿ. ಆಗಲೂ ಕೂಡಿಬರದಿದ್ದರೆ ನಿಮ್ಮ ನಾಲ್ಕು ಸಾಲಿನ ಲೆಕ್ಕವನ್ನು ಬರೆದುಕೊಂಡೇ ಶಾಖೆಗೆ ಹೋಗಿ, ಯಾವ ದಿನದ ಬಾಕಿ ಬೇರೆ ಬಂದಿದೆ ಎಂದು ಕೇಳಿ.